ಮಾಂಟೆಜಿಯಾ: ಅಲ್ನಾ ಮುರಿದಾಗ ಮೊಣಕೈ ಕೀಲನ್ನೂ ನೋಡಿ

ಏಳು ವರ್ಷದ ಹುಡುಗ. ಬಸವನಗುಡಿಯ ಒಂದು ಪಾರ್ಕ್‌ನಲ್ಲಿ ಜಾರುಬಂಡೆಯ ಮೇಲಿಂದ ಎಡಗೈ ಊರಿಕೊಂಡು ಬಿದ್ದಿದ್ದ. ಹತ್ತಿರದ ಕ್ಲಿನಿಕ್‌ ಒಂದರಲ್ಲಿ ಎಕ್ಸ್‌ರೇ ತೆಗೆಸಿ, ಅಲ್ನಾದಲ್ಲಿ ಸಣ್ಣ ಕ್ರ್ಯಾಕ್ ಅಂತ ಹೇಳಿ ಸ್ಲ್ಯಾಬ್ ಹಾಕಿ ಕಳಿಸಿದ್ದರು. ಐದನೆಯ ದಿನವೂ ನೋವು ತಗ್ಗಲಿಲ್ಲ ಅಂತ ತಾಯಿ ನಮ್ಮ ಓಪಿಡಿಗೆ ಕರೆತಂದರು. ಕೈಯಲ್ಲಿದ್ದ ಫಿಲ್ಮನ್ನು ಲೈಟ್‌ಬಾಕ್ಸಿಗೆ ಸಿಕ್ಕಿಸಿದೆ. ಮುಂಗೈ ನಡುಭಾಗ ಚೆನ್ನಾಗಿ ಬಂದಿತ್ತು, ಕ್ರ್ಯಾಕೂ ಕಾಣುತ್ತಿತ್ತು. ಆದರೆ ಫಿಲ್ಮಿನ ಮೇಲಂಚು ಮೊಣಕೈ ಕೀಲು ಬರುವ ಮೊದಲೇ ಮುಗಿದಿತ್ತು.

"ಬರೀ ಕ್ರ್ಯಾಕ್ ಅಂದ್ರಲ್ಲ ಡಾಕ್ಟ್ರೇ, ಇನ್ನೊಂದು ಎಕ್ಸ್‌ರೇ ಯಾಕೆ?" ಅಂತ ತಾಯಿ ಕೇಳಿದರು. "ಮೊಣಕೈ ಸೇರಿಸಿ ತೆಗೆದಿಲ್ಲ ಅಮ್ಮ, ಅದು ನೋಡದೆ ಏನೂ ಹೇಳೋಕಾಗಲ್ಲ" ಅಂದೆ. ಮೊಣಕೈಯ ಎಪಿ ಮತ್ತು ಸರಿಯಾದ ಲ್ಯಾಟರಲ್ ಫಿಲ್ಮ್ ಬಂದಾಗ ರೇಡಿಯಸ್‌ನ ತಲೆ ಕೀಲು ಬಿಟ್ಟು ಮುಂದಕ್ಕೆ ಜಾರಿ ಕೂತಿರುವುದು ಕಂಡಿತು. ಸ್ಲ್ಯಾಬ್ ಹಾಕಿದ ಕೈ ಐದು ದಿನ ಹಾಗೇ ಇತ್ತು. ಅಲ್ನಾ ಮುರಿತದ ಜೊತೆ ರೇಡಿಯಸ್ ತಲೆ ಕೀಲು ತಪ್ಪಿದರೆ ಅದು ಮಾಂಟೆಜಿಯಾ. ಪರೀಕ್ಷೆಗೆ ಹೆಸರಿನ ಫ್ರ್ಯಾಕ್ಚರ್‌ಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವವರಿಗೆ ನನ್ನ ಸಲಹೆ ಏನೆಂದರೆ, ಇದೊಂದನ್ನು ಬುಡದಿಂದ ಅರ್ಥ ಮಾಡಿಕೊಳ್ಳಿ. ಗಲಿಯಾಜಿ, ಗ್ರೀನ್‌ಸ್ಟಿಕ್, ರಿಡಕ್ಷನ್, ಫಿಕ್ಸೇಷನ್ ಎಲ್ಲ ಇದರ ಹಿಂದೆಯೇ ಬರುತ್ತವೆ.

ಮುಂಗೈಯ ಎರಡು ಮೂಳೆಗಳು ಮೇಲೂ ಕೆಳಗೂ ಲಿಗಮೆಂಟ್‌ನಿಂದ ಕಟ್ಟಿಕೊಂಡು, ನಡುವೆ ಇಂಟರ್‌ಆಸಿಯಸ್ ಪೊರೆ ಹಿಡಿದುಕೊಂಡು ಒಂದು ಬಳೆಯ ಹಾಗೆ ಇವೆ. ಗಾಜಿನ ಬಳೆ ಒಂದೇ ಕಡೆ ಮುರಿದು ನಿಲ್ಲುವುದು ಅಪರೂಪ. ಇಲ್ಲೂ ಹಾಗೆಯೇ: ಒಂದು ಮೂಳೆ ಮುರಿದು ಬಾಗಿದರೆ ಅಥವಾ ಗಿಡ್ಡವಾದರೆ, ಇನ್ನೊಂದು ಮೂಳೆಯಾದರೂ ಮುರಿಯಬೇಕು, ಇಲ್ಲವೇ ಅದರ ಕೀಲಾದರೂ ತಪ್ಪಬೇಕು. ಇದಕ್ಕೆ ಮುಖ್ಯ ಅಪವಾದ ನೇರ ಏಟು. ಲಾಠಿ ಏಟನ್ನು ತಡೆಯಲು ಕೈ ಅಡ್ಡ ಹಿಡಿದಾಗ ಏಟು ಬಿದ್ದ ಜಾಗದಲ್ಲಿ ಅಲ್ನಾ ಮಾತ್ರ ಮುರಿಯಬಹುದು. ಅದನ್ನು ನೈಟ್‌ಸ್ಟಿಕ್ ಫ್ರ್ಯಾಕ್ಚರ್ ಅನ್ನುತ್ತಾರೆ. ಆದರೂ ಆ ಹೆಸರು ಬರೆಯುವ ಮೊದಲು ಎರಡೂ ಕೀಲುಗಳ ಫಿಲ್ಮ್ ನೋಡಿರಬೇಕು.

ಯಾವ ಕಡೆಯ ಕೀಲು ತಪ್ಪುತ್ತದೆ ಅನ್ನುವುದಕ್ಕೂ ಕಾರಣವಿದೆ. ಮೊಣಕೈಯಲ್ಲಿ ಅಲ್ನಾದ ತುದಿ ದಪ್ಪ, ಹ್ಯೂಮರಸ್‌ಗೆ ಕೊಂಡಿಯಂತೆ ಸಿಕ್ಕಿಕೊಂಡಿರುತ್ತದೆ. ಪಕ್ಕದ ರೇಡಿಯಸ್ ತಲೆಯನ್ನು ಜಾಗದಲ್ಲಿ ಹಿಡಿದಿಡುವುದು ಮುಖ್ಯವಾಗಿ ಆನ್ಯುಲರ್ ಲಿಗಮೆಂಟ್. ಹಾಗಾಗಿ ಅಲ್ನಾ ಮುರಿದರೆ ಜಾರುವುದು ರೇಡಿಯಸ್ ತಲೆ. ಮಣಿಕಟ್ಟಿನಲ್ಲಿ ಇದು ತಿರುಗುಮುರುಗು: ಅಲ್ಲಿ ದಪ್ಪ ತುದಿ ರೇಡಿಯಸ್‌ನದು. ರೇಡಿಯಸ್‌ನ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಮುರಿತವಾಗಿ, ಅಲ್ನಾದ ಕೆಳತುದಿ ಕೀಲು ತಪ್ಪಿದರೆ ಗಲಿಯಾಜಿ. ನಾನು ನೆನಪಿಟ್ಟುಕೊಂಡಿರುವುದು ಹೀಗೆ: ಮಾಂಟೆಜಿಯಾಗೆ ಮೊಣಕೈ, ಗಲಿಯಾಜಿಗೆ ಗಡಿಯಾರ ಕಟ್ಟುವ ಜಾಗ. ಕೀಲು ಯಾವುದೆಂದು ನೆನಪಾದರೆ ಮುರಿದದ್ದು ಯಾವ ಮೂಳೆ ಅನ್ನುವುದು ತಾನಾಗಿ ಬರುತ್ತದೆ.

ಮಿಲಾನ್‌ನ ಜಿಯೊವಾನ್ನಿ ಮಾಂಟೆಜಿಯಾ ಈ ಗಾಯವನ್ನು ವಿವರಿಸಿದ್ದು 1814ರಲ್ಲಿ. ರಾಂಟ್ಗನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಆತ ಕೈಯಿಂದ ಮುಟ್ಟಿ ಕಂಡುಕೊಂಡದ್ದನ್ನು ನಾವು ಫಿಲ್ಮ್ ಎದುರಿಗಿದ್ದೂ ತಪ್ಪಿಸುತ್ತೇವೆ. ತಪ್ಪದಿರಲು ಒಂದು ಗೆರೆ ಸಾಕು. ರೇಡಿಯಸ್‌ನ ಕುತ್ತಿಗೆಯ ನಡುವಿನಿಂದ ಅದರ ಉದ್ದಕ್ಕೆ ಪೆನ್ಸಿಲ್ ಗೆರೆ ಎಳೆದು ಮೇಲಕ್ಕೆ ಒಯ್ಯಿರಿ. ಅದು ಕ್ಯಾಪಿಟೆಲ್ಲಮ್ ಮೂಲಕ ಹಾದುಹೋಗಬೇಕು. ಮೊಣಕೈ ಎಷ್ಟೇ ಮಡಿಸಿರಲಿ, ಚಾಚಿರಲಿ, ಇದು ಬದಲಾಗುವುದಿಲ್ಲ. ಚಿಕ್ಕ ಮಕ್ಕಳ ಎಪಿ ಫಿಲ್ಮ್‌ನಲ್ಲಿ ಗೆರೆ ನಡುವಿನಿಂದ ಸ್ವಲ್ಪ ಸರಿದಂತೆ ಕಾಣಬಹುದು, ಆದ್ದರಿಂದ ಸರಿಯಾದ ಲ್ಯಾಟರಲ್ ಮೇಲೆ ಹೆಚ್ಚು ಭರವಸೆ ಇಡಿ. ಕ್ಯಾಪಿಟೆಲ್ಲಮ್ ಒಂದು ವರ್ಷದ ಹೊತ್ತಿಗೆ ಮೂಳೆಗಟ್ಟಿ ಕಾಣತೊಡಗುತ್ತದೆ, ರೇಡಿಯಸ್ ತಲೆ ಅದಕ್ಕಿಂತ ಎಷ್ಟೋ ತಡ. ಆದ್ದರಿಂದ ಎರಡು ವರ್ಷದ ಮಗುವಿನಲ್ಲಿ ತಲೆಯನ್ನು ಹುಡುಕುತ್ತಾ ಕೂರಬೇಡಿ, ಕುತ್ತಿಗೆಯಿಂದಲೇ ಗೆರೆ ಎಳೆಯಿರಿ. ನಮ್ಮ ಹುಡುಗನಲ್ಲಿ ಗೆರೆ ಕ್ಯಾಪಿಟೆಲ್ಲಮ್‌ನ ಮುಂದಿನಿಂದ ಹಾದು ಹೋಗಿತ್ತು.

ಇನ್ನು ಮುರಿತದ ಬಗೆ. ಹಸಿ ಹೊಂಗೆ ಕಡ್ಡಿಯನ್ನು ಬಗ್ಗಿಸಿದರೆ ಒಂದು ಮಗ್ಗುಲು ಸಿಗಿದು, ಇನ್ನೊಂದು ಮಗ್ಗುಲು ಬಾಗಿ ಅಂಟಿಕೊಂಡೇ ಇರುತ್ತದಲ್ಲ, ಮಕ್ಕಳ ಮೂಳೆಯ ಗ್ರೀನ್‌ಸ್ಟಿಕ್ ಅದೇ. ಹುಡುಗನ ಅಲ್ನಾ ಹೀಗೆ ಮುರಿದು ಮುಂದಕ್ಕೆ ಬಾಗಿತ್ತು. ಕೆಲವೊಮ್ಮೆ ಸಿಗಿತವೂ ಇರುವುದಿಲ್ಲ, ಮೂಳೆ ಬಿಲ್ಲಿನಂತೆ ಬಾಗಿ ನಿಂತಿರುತ್ತದೆ, ಪ್ಲಾಸ್ಟಿಕ್ ಡಿಫಾರ್ಮೇಷನ್. ಇದೇ ಹೆಚ್ಚು ಮೋಸ ಮಾಡುವುದು. ಲ್ಯಾಟರಲ್ ಫಿಲ್ಮ್‌ನಲ್ಲಿ ಅಲ್ನಾದ ಹಿಂದಿನ ಅಂಚಿಗೆ ಸ್ಕೇಲ್ ಇಟ್ಟು ನೋಡಿ. ಆ ಅಂಚು ನೇರವಾಗಿರಬೇಕು. ಸ್ಕೇಲಿಗೂ ಮೂಳೆಗೂ ನಡುವೆ 1 ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡರೆ ಅಲ್ನಾ ಬಾಗಿದೆ ಅಂತಲೇ. ಅಂಥ ಮಗುವಿಗೆ "ರೇಡಿಯಸ್ ತಲೆ ಒಂದೇ ತಪ್ಪಿದೆ" ಅಂತ ಬರೆದರೆ ಅರ್ಧ ರೋಗವನ್ನು ಬಿಟ್ಟಂತೆ.

ಉರುಗ್ವೆಯ ಬಾಡೊ 1967ರಲ್ಲಿ ಪ್ರಕಟಿಸಿದ ನಾಲ್ಕು ಬಗೆಗಳನ್ನು ಕಂಠಪಾಠ ಮಾಡಬೇಕಿಲ್ಲ. ಅಲ್ನಾದ ಮುರಿತದ ಮೂಲೆ ಯಾವ ಕಡೆಗೆ ಚಾಚಿದೆಯೋ ರೇಡಿಯಸ್ ತಲೆಯೂ ಆ ಕಡೆಗೇ ಹೋಗಿರುತ್ತದೆ. ಮುಂದಕ್ಕೆ ಹೋದರೆ ಒಂದನೆಯದು, ಮಕ್ಕಳಲ್ಲಿ ಹೆಚ್ಚು. ಹಿಂದಕ್ಕೆ ಹೋದರೆ ಎರಡನೆಯದು, ಅದು ವಯಸ್ಕರಲ್ಲಿ ಹೆಚ್ಚು. ಹೊರಮಗ್ಗುಲಿಗೆ ಹೋದರೆ ಮೂರನೆಯದು. ನಾಲ್ಕನೆಯದರಲ್ಲಿ ತಲೆ ಮುಂದಕ್ಕೇ ತಪ್ಪಿರುತ್ತದೆ, ಜೊತೆಗೆ ರೇಡಿಯಸ್ಸೂ ಮುರಿದಿರುತ್ತದೆ.

ಫಿಲ್ಮ್ ನೋಡಿದ ಮೇಲೆ ಹುಡುಗನ ಹತ್ತಿರ ಕೂತು "ಸೂಪರ್ ಅಂತ ಹೆಬ್ಬೆರಳು ತೋರಿಸು ಮರಿ" ಅಂದೆ. ಬಲಗೈ ತೋರಿಸಿದ. "ಈ ಕೈಯಲ್ಲಿ?" ಅಂದರೆ ಹುಬ್ಬು ಗಂಟಿಕ್ಕಿ ಎಡಗೈ ನೋಡಿದ, ಹೆಬ್ಬೆರಳು ಏಳಲಿಲ್ಲ. ಮಣಿಕಟ್ಟನ್ನು ಮೇಲೆತ್ತುತ್ತಿದ್ದ, ಆದರೆ ಅದು ಹೆಬ್ಬೆರಳಿನ ಕಡೆಗೆ ವಾಲುತ್ತಿತ್ತು. ಕೈ ಹಿಂಬದಿಯ ಸ್ಪರ್ಶ ಸರಿಯಾಗಿತ್ತು. ಇದು ಪೋಸ್ಟೀರಿಯರ್ ಇಂಟರ್‌ಆಸಿಯಸ್ ನರದ ಪೆಟ್ಟು. ಈ ನರ ರೇಡಿಯಸ್ ಕುತ್ತಿಗೆಯನ್ನು ಸುತ್ತಿಕೊಂಡು ಹೋಗುವುದರಿಂದ ತಲೆ ತಪ್ಪಿದಾಗ ಎಳೆತಕ್ಕೆ ಸಿಗುತ್ತದೆ. ಮಣಿಕಟ್ಟನ್ನು ಎತ್ತುವ ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಲಾಂಗಸ್‌ಗೆ ನರ ಇದಕ್ಕಿಂತ ಮೇಲೆಯೇ ಹೋಗಿಬಿಟ್ಟಿರುತ್ತದೆ, ಅದಕ್ಕೇ ರಿಸ್ಟ್ ಡ್ರಾಪ್ ಆಗುವುದಿಲ್ಲ. ಇದನ್ನು ರಿಡಕ್ಷನ್‌ಗೆ ಮೊದಲೇ ಪರೀಕ್ಷಿಸಿ ಕೇಸ್‌ಶೀಟಿನಲ್ಲಿ ಬರೆಯಬೇಕು. ಆಮೇಲೆ ಗೊತ್ತಾದರೆ ಬಿದ್ದದ್ದರಿಂದ ಆಯಿತೋ ನಮ್ಮ ಕೈಯಿಂದ ಆಯಿತೋ ಹೇಳುವುದು ಹೇಗೆ?

ಚಿಕಿತ್ಸೆಯ ಸೂತ್ರ ಒಂದೇ: ಅಲ್ನಾದ ಉದ್ದ ಮತ್ತು ನೇರ ಸರಿಹೋದರೆ ರೇಡಿಯಸ್ ತಲೆ ಸಾಮಾನ್ಯವಾಗಿ ತಾನೇ ಜಾಗಕ್ಕೆ ಬರುತ್ತದೆ. ಹುಡುಗನಿಗೆ ಅರಿವಳಿಕೆ ಕೊಟ್ಟು, ಮುಂಗೈಯನ್ನು ಸುಪೈನ್ ಮಾಡಿ ಎಳೆದು, ಅಲ್ನಾದ ಬಾಗನ್ನು ಹೆಬ್ಬೆರಳಿನಿಂದ ಒತ್ತಿ ನೇರ ಮಾಡಿದರು. ನಂತರ ಮೊಣಕೈ ಮಡಿಸುತ್ತಾ ರೇಡಿಯಸ್ ತಲೆಯನ್ನು ಮುಂದಿನಿಂದ ಒತ್ತಿದಾಗ ಟಕ್ಕನೆ ಕೂತದ್ದು ಪಕ್ಕದಲ್ಲಿ ಕೈ ಹಿಡಿದು ನಿಂತಿದ್ದ ನನಗೂ ತಿಳಿಯಿತು. ಮೊಣಕೈಯನ್ನು ಸುಮಾರು 110 ಡಿಗ್ರಿ ಮಡಿಸಿ, ಸುಪೈನ್ ಸ್ಥಿತಿಯಲ್ಲೇ ಮೊಣಕೈ ಮೇಲಿನವರೆಗೂ ಕಾಸ್ಟ್ ಹಾಕಿದೆವು. ಅಷ್ಟು ಮಡಿಸುವುದಕ್ಕೆ ಕಾರಣ ಬೈಸೆಪ್ಸ್. ಅದು ರೇಡಿಯಸ್‌ಗೇ ಅಂಟಿಕೊಂಡಿದೆ, ಕೈ ಚಾಚಿದರೆ ತಲೆಯನ್ನು ಮತ್ತೆ ಮುಂದಕ್ಕೆ ಎಳೆಯುತ್ತದೆ. ಮಡಿಸಿ ಸುಪೈನ್ ಮಾಡಿದರೆ ಸಡಿಲವಾಗುತ್ತದೆ. ಆದರೆ ಊತ ಹೆಚ್ಚಿದ್ದಾಗ ಇಷ್ಟು ಮಡಿಸಿದರೆ ರಕ್ತ ಸಂಚಾರಕ್ಕೆ ಅಡ್ಡಿ. ಆ ರಾತ್ರಿ ಬೆರಳುಗಳನ್ನು ನಾವೇ ಮೆಲ್ಲನೆ ಬಿಡಿಸಿ ನೋಡುತ್ತಿದ್ದೆವು. ಹಾಗೆ ಬಿಡಿಸಿದಾಗ ಮಗು ಚೀರಿದರೆ, ನೋವಿನ ಔಷಧಕ್ಕೂ ಬಗ್ಗದೆ ನೋವು ಏರುತ್ತಿದ್ದರೆ, ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಂತ ತಿಳಿದು ಕಾಸ್ಟನ್ನು ತಕ್ಷಣ ಸೀಳಬೇಕು, ನಾಡಿ ಸಿಗುತ್ತಿದೆಯಲ್ಲ ಅಂತ ಕಾಯಬಾರದು.

ಅಲ್ನಾ ಪೂರ್ತಿ ಮುರಿದಿದ್ದರೆ ಕಾಸ್ಟ್‌ನೊಳಗೆ ಮತ್ತೆ ಸರಿಯುವ ಭಯ ಹೆಚ್ಚು. ಅಡ್ಡ ಮುರಿತಕ್ಕೆ ಮೂಳೆಯೊಳಗೆ ತೆಳು ನೈಲ್ ಹಾಕುತ್ತಾರೆ. ಉದ್ದ ಓರೆ ಮುರಿತ ಅಥವಾ ಚೂರಾದ ಮುರಿತಕ್ಕೆ ಉದ್ದ ಕಾಪಾಡಲು ಪ್ಲೇಟೇ ಬೇಕು. ವಯಸ್ಕರಿಗೆ ಚರ್ಚೆಯೇ ಇಲ್ಲ: ತೆರೆದು, ಅಲ್ನಾವನ್ನು ಕೂಡಿಸಿ, ಪ್ಲೇಟ್ ಹಾಕುವುದು. ಗಲಿಯಾಜಿಯಲ್ಲೂ ವಯಸ್ಕರಿಗೆ ಆಪರೇಷನ್ ಅನಿವಾರ್ಯವಾದ್ದರಿಂದಲೇ ಅದಕ್ಕೆ ಫ್ರ್ಯಾಕ್ಚರ್ ಆಫ್ ನೆಸೆಸಿಟಿ ಅನ್ನುವ ಹೆಸರು.

ವೈವಾದಲ್ಲಿ ಕೇಳುವ ಪ್ರಶ್ನೆ: ಪ್ಲೇಟ್ ಹಾಕಿದ ಮೇಲೂ ತಲೆ ಕೂರಲಿಲ್ಲ, ಏನು ಮಾಡುತ್ತೀರಿ? ಎಲ್ಲರೂ ಆನ್ಯುಲರ್ ಲಿಗಮೆಂಟ್ ಸಿಕ್ಕಿಕೊಂಡಿದೆ, ಕೀಲು ತೆರೆಯುತ್ತೇವೆ ಅನ್ನುತ್ತಾರೆ. ಅದು ಎರಡನೆಯ ಉತ್ತರ. ಮೊದಲು ನಮ್ಮದೇ ಕೆಲಸವನ್ನು ಅನುಮಾನಿಸಬೇಕು: ಅಲ್ನಾ ಇನ್ನೂ ಗಿಡ್ಡವಾಗಿದೆಯೇ, ಬಾಗು ಉಳಿದಿದೆಯೇ? ಅದು ಸರಿಯಿದ್ದರೆ ಮಾತ್ರ ಕೀಲು ತೆರೆದು ನಡುವೆ ಸಿಕ್ಕಿದ್ದನ್ನು ಬಿಡಿಸುವುದು.

ತಿಂಗಳುಗಟ್ಟಲೆ ಕಳೆದು ಬರುವ ಮಗುವಿನ ಕಥೆ ಬೇರೆ. ಅಲ್ನಾ ಬಾಗಿಕೊಂಡೇ ಕೂಡಿರುತ್ತದೆ. ಬರೀ ಒತ್ತಿದರೆ ತಲೆ ಒಳಗೆ ಹೋಗುವುದಿಲ್ಲ, ಅಲ್ನಾವನ್ನು ಮತ್ತೆ ಕತ್ತರಿಸಿ ಉದ್ದ ಮಾಡಿ, ಕೀಲು ತೆರೆದು ಕೂರಿಸಬೇಕಾಗುತ್ತದೆ. ಬೆಳೆಯುವ ಮಗುವಿನಲ್ಲಿ ರೇಡಿಯಸ್ ತಲೆಯನ್ನು ಕತ್ತರಿಸಿ ತೆಗೆಯುವುದು ತಪ್ಪು ಉತ್ತರ. ರೇಡಿಯಸ್ ಮೇಲಕ್ಕೆ ಸರಿದು, ಮೊಣಕೈ ಹೊರಗೆ ವಾಲಿ, ಮಣಿಕಟ್ಟೂ ನೋಯತೊಡಗುತ್ತದೆ. ಇಲ್ಲಿ ಇನ್ನೊಂದು ಎಚ್ಚರ: ತಲೆ ಗುಮ್ಮಟದಂತೆ ಉಬ್ಬಿ, ಕ್ಯಾಪಿಟೆಲ್ಲಮ್ ಸಣ್ಣದಾಗಿದ್ದರೆ ಅದು ಹುಟ್ಟಿನಿಂದಲೇ ತಪ್ಪಿದ ಕೀಲಿರಬಹುದು. ಇನ್ನೊಂದು ಕೈಯ ಫಿಲ್ಮನ್ನೂ ತೆಗೆಸಿ ನೋಡಿ.

ನಮ್ಮ ಹುಡುಗನನ್ನು ಮೊದಲ ಮೂರು ವಾರ ಪ್ರತಿ ವಾರ ಕರೆಸಿ, ಕಾಸ್ಟ್ ಮೇಲೆಯೇ ಫಿಲ್ಮ್ ತೆಗೆಸಿ, ಪ್ರತಿ ಸಲವೂ ಅದೇ ಗೆರೆ ಎಳೆದೆವು. ಕೂತ ತಲೆ ಮತ್ತೆ ಜಾರುವುದು ಈ ವಾರಗಳಲ್ಲೇ. ಆರು ವಾರಕ್ಕೆ ಕಾಸ್ಟ್ ಬಿಚ್ಚಿದಾಗ ಮೊಣಕೈ ಬಿಗಿದಿತ್ತು, ಹೆಬ್ಬೆರಳು ಇನ್ನೂ ಏಳುತ್ತಿರಲಿಲ್ಲ. "ನರ ಹೋಯ್ತಾ ಡಾಕ್ಟ್ರೇ?" ಅಂತ ತಾಯಿ ಕೇಳಿದರು. ತಲೆ ಜಾಗದಲ್ಲಿ ಕೂತಿದ್ದರೆ ಇಂಥ ನರ ಹೆಚ್ಚಿನವರಲ್ಲಿ ತಾನಾಗಿ ಮರಳುತ್ತದೆ, ಮೂರು ತಿಂಗಳವರೆಗೂ ಕಾಯುತ್ತೇವೆ, ಆಗಲೂ ಬಾರದಿದ್ದರೆ ಮುಂದಿನ ಪರೀಕ್ಷೆ ಅಂತ ವಿವರಿಸಿದೆವು. ಒಂಬತ್ತನೆಯ ವಾರ ಅವನು ಓಪಿಡಿ ಬಾಗಿಲಲ್ಲೇ ನಿಂತು ಎಡಗೈ ಮುಂದೆ ಚಾಚಿದ. ಹೆಬ್ಬೆರಳು ನಡುಗುತ್ತಾ ಅರ್ಧಕ್ಕೆ ಎದ್ದಿತು.