ಜಾಮೀನಿಗೆ ಸಹಿ ಹಾಕಿದ ಮೇಲೆ

ಊರಿನ ಹುಡುಗನೊಬ್ಬ ಹೊಡೆದಾಟದ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಮುಂಬಯಿಯ ಬೋರಿವಲಿ ಕೋರ್ಟು 25,000 ರೂಪಾಯಿಯ ಮುಚ್ಚಳಿಕೆಗೆ ಒಬ್ಬ ಜಾಮೀನುದಾರನನ್ನು ಕೇಳಿದೆ ಎನ್ನಿ. ‘ಬರೀ ಒಂದು ಸಹಿ ಅಣ್ಣಾ, ದುಡ್ಡೇನೂ ಕಟ್ಟಬೇಕಿಲ್ಲ’ ಎನ್ನುತ್ತಾ ಅವನ ಮನೆಯವರು ನಿಮ್ಮಲ್ಲಿಗೆ ಬರುತ್ತಾರೆ. ಆ ದಿನ ಕಟ್ಟಬೇಕಿಲ್ಲ ಎಂಬುದಷ್ಟೇ ನಿಜ.

ರೇಷನ್ ಕಾರ್ಡು, ಆಧಾರ್, ಪಗಾರದ ಸ್ಲಿಪ್ಪು ಅಥವಾ ಮನೆಯ ಕಾಗದ ತೋರಿಸಿ ನೀವು ಬರೆದುಕೊಡುವುದು ಇಷ್ಟು: ಆರೋಪಿ ಕರೆದ ತಾರೀಕಿಗೆಲ್ಲ ಹಾಜರಾಗುತ್ತಾನೆ, ತಪ್ಪಿಸಿಕೊಂಡರೆ ನಾನು 25,000 ಸರ್ಕಾರಕ್ಕೆ ಕೊಡುತ್ತೇನೆ. ಅವನು ನಿರಪರಾಧಿ ಎಂದು ನೀವು ಹೇಳುತ್ತಿಲ್ಲ. ಅವನಿಗೆ ಶಿಕ್ಷೆಯಾದರೂ ಈ ಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಈಗಾಗಲೇ ಎಷ್ಟು ಜನರಿಗೆ ಜಾಮೀನು ನಿಂತಿದ್ದೀರಿ ಎಂಬುದನ್ನೂ ವಿವರಗಳ ಸಮೇತ ಘೋಷಿಸಬೇಕು. ಇಲ್ಲಿ ಸುಳ್ಳು ಬರೆದರೆ ಕೇಸು ನಿಮ್ಮ ಮೇಲೆಯೇ.

ಹುಡುಗ ತಾರೀಕು ತಪ್ಪಿಸಿ ವಿಜಯಪುರದ ಬಸ್ಸು ಹತ್ತಿದ ಎಂದುಕೊಳ್ಳಿ. ಅವನ ಮೇಲೆ ವಾರಂಟ್ ಹೊರಡುತ್ತದೆ. ನಿಮ್ಮ ವಿಷಯದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 491ನೇ ಕಲಮು ಎರಡು ಹೆಜ್ಜೆ ಇಡುತ್ತದೆ. ಮೊದಲು ಕೋರ್ಟು ಮುಚ್ಚಳಿಕೆಯ ಷರತ್ತು ಮುರಿದಿದೆ ಎಂದು ಕಾರಣ ಬರೆದು ಅದನ್ನು ಮುಟ್ಟುಗೋಲು ಹಾಕುತ್ತದೆ. ಆಮೇಲೆ, ಹಣ ಕಟ್ಟಿ ಇಲ್ಲವೇ ಏಕೆ ಕಟ್ಟಬಾರದು ಎಂದು ತಿಳಿಸಿ ಎಂದು ನಿಮ್ಮನ್ನು ಕೇಳುತ್ತದೆ. ಮುಂಬಯಿಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಬಾಡಿಗೆ ಖೋಲಿ ಬದಲಿಸಿದವರ ನೋಟಿಸು ಹಳೆಯ ಚಾಳಿಗೆ ಹೋಗಿ, ಗೊತ್ತಾಗುವಷ್ಟರಲ್ಲಿ ವಸೂಲಿ ಆದೇಶವೇ ಆಗಿರುತ್ತದೆ. ವಿಳಾಸ ಬದಲಾದರೆ ಕೋರ್ಟಿಗೆ ಅರ್ಜಿ ಕೊಟ್ಟು, ಠಸ್ಸೆ ಬಿದ್ದ ಪ್ರತಿ ಇಟ್ಟುಕೊಳ್ಳಿ.

ನೋಟಿಸು ಕೈಗೆ ಬಂದರೆ ಸುಮ್ಮನಿರಬೇಡಿ. ಆರೋಪಿಯನ್ನು ಕರೆತಂದು ಹಾಜರುಪಡಿಸುವುದೇ ಗಟ್ಟಿ ಉತ್ತರ. ಆದರೆ ಅವನು ಬಂದ ಮಾತ್ರಕ್ಕೆ ದಂಡ ತಾನಾಗಿ ಮಾಫಿಯಾಗುವುದಿಲ್ಲ. ಅವನ ಆಸ್ಪತ್ರೆ ಕಾಗದ, ನೀವು ಅವನನ್ನು ಹುಡುಕಿದ್ದಕ್ಕೆ ಪುರಾವೆ ಇಟ್ಟು ಅರ್ಜಿ ಹಾಕಿದರೆ, ಕೋರ್ಟು ಕಾರಣ ದಾಖಲಿಸಿ ಒಂದಷ್ಟು ಭಾಗ ಬಿಡಬಹುದು. ಕಟ್ಟದೇ ಹೋದರೆ ಅದನ್ನು ಜುಲ್ಮಾನೆಯಂತೆ ವಸೂಲು ಮಾಡುತ್ತಾರೆ. ಹಾಗೂ ಬರದಿದ್ದರೆ 6 ತಿಂಗಳವರೆಗೆ ಸಿವಿಲ್ ಜೈಲು.

ಹುಡುಗ ಫೋನೆತ್ತುತ್ತಿಲ್ಲ, ಕೆಲಸವನ್ನೂ ಬಿಟ್ಟಿದ್ದಾನೆ ಎಂದು ತಿಳಿದರೆ ತಾರೀಕು ತಪ್ಪುವವರೆಗೆ ಕಾಯಬಾರದು. 489ನೇ ಕಲಮಿನಡಿ ‘ನನ್ನನ್ನು ಬಿಡುಗಡೆ ಮಾಡಿ’ ಎಂದು ಜಾಮೀನುದಾರ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಆಗ ಕೋರ್ಟು ಆ ಹುಡುಗನನ್ನು ಹಿಡಿದು ತರಲು ವಾರಂಟ್ ಹೊರಡಿಸುತ್ತದೆ. ಅವನು ಎದುರು ಬಂದ ಮೇಲೆಯೇ ನಿಮ್ಮ ಮುಚ್ಚಳಿಕೆ ರದ್ದಾಗುವುದು. ಆಮೇಲೆ ಬೇರೆ ಜಾಮೀನು ಹುಡುಕುವುದು ಅವನ ಪಾಡು, ಸಿಗದಿದ್ದರೆ ಜೈಲು. ಮನೆಯವರ ಮುನಿಸು ಖಂಡಿತ, ಅದಕ್ಕೆ ಅಂಜಿಯೇ ಬಹಳಷ್ಟು ಜನ ಈ ಅರ್ಜಿ ಹಾಕುವುದಿಲ್ಲ. ಅರ್ಜಿ ಕೊಟ್ಟ ದಿನವೇ ಹೊಣೆ ಇಳಿಯಿತು ಎಂದುಕೊಂಡು ಮನೆಗೆ ಬಂದವರೂ ಇದ್ದಾರೆ. ರದ್ದಾದ ಆದೇಶದ ಪ್ರತಿ ಕೈಸೇರುವವರೆಗೆ ಪ್ರತಿ ತಾರೀಕಿಗೂ ವಿಚಾರಿಸುತ್ತಿರಿ.