ಸ್ಲೋಪ್ ಅಂದ್ರೆ k ಅಲ್ಲ: ಸ್ಪ್ರಿಂಗ್ ಸ್ಥಿರಾಂಕದ ಬಗ್ಗೆ ಒಂದು ತಕರಾರು

"ಗ್ರಾಫಿನ ಸ್ಲೋಪ್ 0.04. ಆದ್ದರಿಂದ ಸ್ಪ್ರಿಂಗ್ ಸ್ಥಿರಾಂಕ 0.04."

ಮಲ್ಲೇಶ್ವರದ ನಮ್ಮ ಬೀದಿಯ ಪಿಯುಸಿ ಮಕ್ಕಳು ಲ್ಯಾಬ್ ರೆಕಾರ್ಡ್ ತಂದು ತೋರಿಸುತ್ತಾರೆ. ಪ್ರತಿ ವರ್ಷ ಯಾರಾದರೊಬ್ಬರ ಪುಸ್ತಕದಲ್ಲಿ ಈ ಸಾಲು ಇದ್ದೇ ಇರುತ್ತದೆ. ಈ ಸಲ ಅದರ ಪಕ್ಕದಲ್ಲಿ ಕೆಂಪು ಇಂಕಿನ ಟಿಕ್ ಕೂಡ ಬಿದ್ದಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ಪ್ರಿಂಗ್ ಸ್ಥಿರಾಂಕ ಏನೆಂದು ಎಲ್ಲರಿಗೂ ಗೊತ್ತು. ಸ್ಪ್ರಿಂಗನ್ನು ಇನ್ನಷ್ಟು ಹಿಗ್ಗಿಸಬೇಕಾದರೆ ಇನ್ನೆಷ್ಟು ಬಲ ಬೇಕು ಎಂಬ ಲೆಕ್ಕ ಅದು. ಅಳತೆ ನ್ಯೂಟನ್/ಮೀಟರ್. ಒಂದೇ ಮಾತು ಸೇರಿಸುತ್ತೇನೆ. ಕೆಲವರು "ಉಕ್ಕಿನ ಸ್ಪ್ರಿಂಗ್ ಸ್ಥಿರಾಂಕ" ಎಂದು ಬರೆಯುತ್ತಾರೆ. ಉಕ್ಕಿಗೆ ಅಂಥದ್ದೇನೂ ಇಲ್ಲ. k ಇರುವುದು ನಿಮ್ಮ ಕೈಯಲ್ಲಿರುವ ಆ ಒಂದು ಸ್ಪ್ರಿಂಗಿಗೆ. ಅದನ್ನೇ ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೆ ಪ್ರತಿ ತುಂಡಿನ k ಎರಡರಷ್ಟಾಗುತ್ತದೆ. ಅಷ್ಟೇ ಭಾರಕ್ಕೆ ಅರ್ಧದಷ್ಟು ಸುರುಳಿ ಅರ್ಧದಷ್ಟೇ ಹಿಗ್ಗುತ್ತದಲ್ವಾ?

ಈಗ ಆ 0.04ರ ವಿಷಯ. ಲ್ಯಾಬಿನಲ್ಲಿ ನಾವು ಬದಲಿಸುವುದು ಭಾರ, ಅದಕ್ಕೆ ತಕ್ಕಂತೆ ಬದಲಾಗುವುದು ಹಿಗ್ಗು. ಹಾಗಾಗಿ ಭಾರವನ್ನು ಅಡ್ಡ ಅಕ್ಷದಲ್ಲಿ, ಹಿಗ್ಗನ್ನು ಉದ್ದ ಅಕ್ಷದಲ್ಲಿ ಗುರುತಿಸುವುದು ರೂಢಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಆಗ ಸ್ಲೋಪ್ ಹೇಳುವುದು ಪ್ರತಿ ಗ್ರಾಮಿಗೆ ಎಷ್ಟು ಸೆಂಟಿಮೀಟರ್ ಎಂದು. k ಕೇಳುವುದು ಪ್ರತಿ ಮೀಟರಿಗೆ ಎಷ್ಟು ನ್ಯೂಟನ್ ಎಂದು. ಒಂದು ಇನ್ನೊಂದರ ತಲೆಕೆಳಗು. ಸ್ಪ್ರಿಂಗ್ ಗಟ್ಟಿಯಾದಷ್ಟೂ ಈ ಗ್ರಾಫಿನ ಗೆರೆ ಚಪ್ಪಟೆಯಾಗುತ್ತದೆ, k ಮಾತ್ರ ಜಾಸ್ತಿಯಾಗುತ್ತದೆ. ಅಕ್ಷಗಳನ್ನು ಅದಲುಬದಲು ಮಾಡಿ, ಭಾರವನ್ನು ನ್ಯೂಟನ್ನಿಗೂ ಹಿಗ್ಗನ್ನು ಮೀಟರಿಗೂ ತಂದು ಗ್ರಾಫ್ ಹಾಕಿದರೆ ಮಾತ್ರ ಸ್ಲೋಪೇ k. ಯಾವ ಅಕ್ಷದಲ್ಲಿ ಏನಿದೆ ಎಂದು ನೋಡದೆ "ಸ್ಲೋಪ್ = k" ಎಂದು ಬಾಯಿಪಾಠ ಮಾಡಿದ್ದರಿಂದಲೇ ಈ ಗೊಂದಲ. ಸ್ಲೋಪಿನ ಪಕ್ಕದಲ್ಲಿ ಸೆಂಟಿಮೀಟರ್/ಗ್ರಾಂ ಎಂದು ಬರೆದಿದ್ದರೆ ಇದು k ಅಲ್ಲ ಎಂದು ಬರೆದವರಿಗೇ ತಿಳಿಯುತ್ತಿತ್ತು.

0.04 ಸೆಂಟಿಮೀಟರ್/ಗ್ರಾಂ ಅಂದರೆ 0.4 ಮೀಟರ್/ಕಿಲೋಗ್ರಾಂ. ಒಂದು ಕಿಲೋಗ್ರಾಮನ್ನು ಬೆಂಗಳೂರಿನಲ್ಲಿ ಭೂಮಿ ಎಳೆಯುವುದು ಸುಮಾರು 9.78 ನ್ಯೂಟನ್ ಬಲದಿಂದ. ಪುಸ್ತಕದ 9.8 ಹಾಕಿದರೂ ಈ ಪ್ರಯೋಗದಲ್ಲಿ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ.

```
k = g / slope = 9.78 / 0.4 = 24.5 N/m
```

ಅಂದರೆ ಟಿಕ್ ಬಿದ್ದ ಉತ್ತರಕ್ಕೂ ಸರಿ ಉತ್ತರಕ್ಕೂ ಆರುನೂರು ಪಟ್ಟು ಅಂತರ. 0.04 ನ್ಯೂಟನ್/ಮೀಟರ್ ಸ್ಪ್ರಿಂಗಿಗೆ 50 ಗ್ರಾಂ ನೇತುಹಾಕಿದ್ದರೆ ಅದು ಹನ್ನೆರಡು ಮೀಟರ್ ಹಿಗ್ಗಬೇಕಿತ್ತು. ಲ್ಯಾಬಿನ ಮಹಡಿ ತೂತು ಮಾಡಬೇಕಾಗುತ್ತಿತ್ತು.

ಇದು ಕಣ್ಣಿಗೆ ಹೊಡೆಯುವ ತಪ್ಪು, ಒಮ್ಮೆ ತೋರಿಸಿದರೆ ತಿದ್ದಿಕೊಳ್ಳುತ್ತಾರೆ. ನನಗೆ ಹೆಚ್ಚು ಬೇಸರ ತರಿಸುವುದು ಇನ್ನೊಂದು. ಅಂದವಾಗಿ ಗ್ರಾಫ್ ಹಾಕುತ್ತಾರೆ. ಸ್ಲೋಪನ್ನೂ ಬರೆಯುತ್ತಾರೆ. ಆಮೇಲೆ ಅದನ್ನು ಪಕ್ಕಕ್ಕಿಟ್ಟು, ಪ್ರತಿ ಸಾಲಿನಲ್ಲೂ ಬಲವನ್ನು ಹಿಗ್ಗಿನಿಂದ ಭಾಗಿಸಿ, ಬಂದ ಆರು ಬೆಲೆಗಳ ಸರಾಸರಿ ತೆಗೆದು k ಎನ್ನುತ್ತಾರೆ. ಉತ್ತರ ನೋಡುವುದಕ್ಕೆ ನ್ಯಾಯವಾಗಿಯೇ ಇರುತ್ತದೆ, ಅದಕ್ಕೇ ಯಾರೂ ಹಿಡಿಯುವುದಿಲ್ಲ.

ಅದೇ ರೆಕಾರ್ಡಿನ ಅಂಕಿಗಳನ್ನೇ ತೆಗೆದುಕೊಳ್ಳಿ. ಹ್ಯಾಂಗರ್ 50 ಗ್ರಾಂ, ಮೇಲೆ 50 ಗ್ರಾಮಿನ ಬಿಲ್ಲೆಗಳು. ಹಿಗ್ಗನ್ನು ಅಳೆದದ್ದು ಹ್ಯಾಂಗರೂ ಇಲ್ಲದ ಬರಿ ಸ್ಪ್ರಿಂಗಿನ ಮುಳ್ಳು ನಿಂತಿದ್ದ ಜಾಗದಿಂದ.

| ಒಟ್ಟು ಭಾರ (ಗ್ರಾಂ) | ಹಿಗ್ಗು (ಸೆಂ.ಮೀ.) | ಬಲ ÷ ಹಿಗ್ಗು (ನ್ಯೂಟನ್/ಮೀಟರ್) |
|---|---|---|
| 50 | 0.8 | 61 |
| 100 | 2.7 | 36 |
| 150 | 4.8 | 31 |
| 200 | 6.8 | 29 |
| 250 | 8.7 | 28 |
| 300 | 10.8 | 27 |

ಕೊನೆಯ ಕಾಲಮ್ಮಿನ ಸರಾಸರಿ 35. ಸ್ಲೋಪಿನಿಂದ ಬಂದದ್ದು 24.5. ಎರಡರಲ್ಲಿ ಯಾವುದು ಸರಿ?

ಕಾಲಮ್ಮನ್ನು ಮೇಲಿನಿಂದ ಕೆಳಕ್ಕೆ ಓದಿ. 61ರಿಂದ 27ಕ್ಕೆ ಒಂದೇ ದಿಕ್ಕಿಗೆ ಇಳಿಯುತ್ತಾ ಹೋಗುತ್ತದೆ. ಅಳತೆಯಲ್ಲಿ ಆದ ಸಣ್ಣಪುಟ್ಟ ತಪ್ಪುಗಳಾಗಿದ್ದರೆ ಬೆಲೆಗಳು ಮೇಲೆ ಕೆಳಗೆ ಆಡುತ್ತಿದ್ದವು. ಹೀಗೆ ಸಾಲಾಗಿ ಇಳಿಯುತ್ತಿವೆ ಅಂದರೆ ಭಾಗಿಸುವ ಕ್ರಮದಲ್ಲೇ ಏನೋ ಇದೆ. ಈಗ ಹಿಗ್ಗಿನ ಏರಿಕೆ ನೋಡಿ. ಪ್ರತಿ 50 ಗ್ರಾಮಿಗೆ 1.9, 2.1, 2.0, 1.9, 2.1. ಅಚ್ಚುಕಟ್ಟು. ಮೊದಲ 50 ಗ್ರಾಂ ಮಾತ್ರ ಬರೀ 0.8 ಕೊಟ್ಟಿದೆ.

ಕಾರಣ ಸ್ಪ್ರಿಂಗಿನಲ್ಲೇ ಇದೆ. ಲ್ಯಾಬಿನಲ್ಲಿ ಸಿಗುವ ಎಳೆತದ ಸ್ಪ್ರಿಂಗುಗಳನ್ನು ಹೆಚ್ಚಾಗಿ ಸುರುಳಿಗಳು ಒಂದಕ್ಕೊಂದು ಒತ್ತಿಕೊಂಡಿರುವಂತೆ ಸುತ್ತಿರುತ್ತಾರೆ. ಆ ಒತ್ತಡವನ್ನು ಬಿಡಿಸುವವರೆಗೆ ಸ್ಪ್ರಿಂಗ್ ಅಲುಗುವುದೇ ಇಲ್ಲ. ಗ್ರಾಫಿನ ಗೆರೆಯನ್ನು ಕೆಳಕ್ಕೆ ಎಳೆದರೆ ಅದು ಅಡ್ಡ ಅಕ್ಷವನ್ನು ಸುಮಾರು 30 ಗ್ರಾಮಿನ ಹತ್ತಿರ ಮುಟ್ಟುತ್ತದೆ. ಅಂದರೆ ಸುರುಳಿ ಬಿಡಿಸುವುದಕ್ಕೇ ಸುಮಾರು 0.3 ನ್ಯೂಟನ್ ಖರ್ಚಾಗಿದೆ. ಆಮೇಲಿನದ್ದಷ್ಟೇ ಹಿಗ್ಗಿಗೆ.

```
F = F0 + k x      (F0 = 0.3 N)
```

ಕರೆಂಟ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬೇರೆ, ಯೂನಿಟ್ ದರ ಬೇರೆ ಇರುತ್ತದಲ್ಲ, ಹಾಗೆ. ಒಟ್ಟು ಬಿಲ್ಲನ್ನು ಯೂನಿಟ್ಟಿನಿಂದ ಭಾಗಿಸಿದರೆ ದರ ಸಿಗುವುದಿಲ್ಲ. ಕಡಿಮೆ ಬಳಸಿದ ತಿಂಗಳಲ್ಲಂತೂ ಲೆಕ್ಕ ಹುಚ್ಚಾಪಟ್ಟೆ ಆಗುತ್ತದೆ. ಮೊದಲ ಸಾಲಿನ 61 ಬಂದದ್ದು ಹಾಗೆಯೇ. ಸ್ಲೋಪ್ ಮಾತ್ರ ನಿಗದಿತ ಭಾಗವನ್ನು ತಾನಾಗಿ ಬಿಟ್ಟುಬಿಡುತ್ತದೆ, ಏಕೆಂದರೆ ಅದು ನೋಡುವುದು ಏರಿಕೆಯನ್ನಷ್ಟೇ. ಹ್ಯಾಂಗರಿನ ತೂಕ ಸೇರಿಸಲು ಮರೆತರೂ, ಸ್ಕೇಲಿನ ಸೊನ್ನೆ ಅರ್ಧ ಸೆಂಟಿಮೀಟರ್ ಜರುಗಿದ್ದರೂ, ಹಿಗ್ಗಿನ ಬದಲು ಸ್ಪ್ರಿಂಗಿನ ಪೂರ್ತಿ ಉದ್ದವನ್ನೇ ಗುರುತಿಸಿದರೂ ಸ್ಲೋಪ್ ಬದಲಾಗುವುದಿಲ್ಲ. ಭಾಗಾಕಾರದಲ್ಲಿ ಈ ಮೂರೂ ಉತ್ತರವನ್ನು ಕೆಡಿಸುತ್ತವೆ. ಗ್ರಾಫ್ ಹಾಕಿಸುವುದೇ ಇದಕ್ಕಾಗಿ. ರೆಕಾರ್ಡಿನ ಅಂದಕ್ಕಲ್ಲ.

ಇಲ್ಲಿ ಒಂದು ಪ್ರತಿವಾದ ಬರುತ್ತದೆ. "ಅಂಕಲ್, ಹುಕ್ ನಿಯಮದಲ್ಲಿ ಹಿಗ್ಗೂ ಬಲವೂ ಅನುಪಾತದಲ್ಲಿವೆ. ಹಾಗಿದ್ರೆ ಗೆರೆ ಸೊನ್ನೆಯ ಮೂಲಕ ಹೋಗ್ಬೇಕು ಅಲ್ವಾ?" ರಾಬರ್ಟ್ ಹುಕ್ 1676ರಲ್ಲಿ ಇದನ್ನು ಅಕ್ಷರ ಕಲಸಿದ ಒಗಟಾಗಿ ಅಚ್ಚು ಹಾಕಿಸಿ, 1678ರಲ್ಲಿ ಬಿಡಿಸಿ ಹೇಳಿದ. "ಹಿಗ್ಗು ಎಷ್ಟೋ ಬಲವೂ ಅಷ್ಟು" ಎಂಬುದು ಅದರ ತಾತ್ಪರ್ಯ. ಆದರೆ ಸುರುಳಿಗಳು ಒಂದನ್ನೊಂದು ತಳ್ಳುತ್ತಾ ಕೂತಿರುವಾಗ ಸ್ಪ್ರಿಂಗ್ ಇನ್ನೂ ಬಿಡುಗಡೆಯಾಗಿಲ್ಲ. ಸುರುಳಿಗಳ ನಡುವೆ ಬೆಳಕು ಕಂಡ ಮೇಲೆ ನಿಯಮ ಶುರು. ನಿಯಮದ ಹೆಸರಿನಲ್ಲಿ ಗೆರೆಯನ್ನು ಬಲವಂತವಾಗಿ ಸೊನ್ನೆಗೆ ಎಳೆದರೆ ಇದೇ ಅಂಕಿಗಳಿಂದ k 28.5 ಎಂದು ಬರುತ್ತದೆ. ಕಂಪ್ಯೂಟರಿನಲ್ಲಿ ಗೆರೆ ಹಾಕಿಸುವವರು ಸೊನ್ನೆಯ ಮೂಲಕ ಹಾಯಿಸುವ ಆಯ್ಕೆಗೆ ಸುಮ್ನೆ ಟಿಕ್ ಹಾಕಬೇಡಿ.

ಕೈಯಲ್ಲಿ ಗೆರೆ ಎಳೆಯುವವರು ಪಾರದರ್ಶಕ ಸ್ಕೇಲ್ ಇಟ್ಟು, ಬಿಂದುಗಳು ಎರಡೂ ಬದಿಗೆ ಸಮನಾಗಿ ಹಂಚುವಂತೆ ಎಳೆಯಿರಿ. ಸ್ಲೋಪಿಗೆ ಗೆರೆಯ ಮೇಲಿನ ದೂರದೂರದ ಎರಡು ಜಾಗ ಬೇಕು. ಪಟ್ಟಿಯಿಂದ ಎರಡು ಸಾಲು ಎತ್ತಿಕೊಂಡರೆ ಗೆರೆ ಎಳೆದದ್ದೇ ದಂಡ. ನಾನು ಆ ಗ್ರಾಫಿನಲ್ಲಿ 60 ಗ್ರಾಂ ಎದುರು 1.2 ಸೆಂಟಿಮೀಟರ್, 290 ಗ್ರಾಂ ಎದುರು 10.4 ಸೆಂಟಿಮೀಟರ್ ಓದಿದೆ. 9.2ನ್ನು 230ರಿಂದ ಭಾಗಿಸಿದರೆ 0.04.

35 ತಪ್ಪು, 24.5 ಸರಿ ಎಂದು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಸ್ಪ್ರಿಂಗನ್ನೇ ಕೇಳಬಹುದು. 300 ಗ್ರಾಂ ನೇತುಹಾಕಿ, ಒಂದೆರಡು ಸೆಂಟಿಮೀಟರ್ ಮಾತ್ರ ಕೆಳಗೆಳೆದು ಬಿಡಿ. ಮೇಲೆ ಹೋದಾಗ ಸುರುಳಿಗಳು ಒಂದಕ್ಕೊಂದು ತಾಗಬಾರದು. ಇಪ್ಪತ್ತು ತೂಗಾಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ನೋಡಿ.

```
T = 2π √(m/k)
```

k 24.5 ಆಗಿದ್ದರೆ ಇಪ್ಪತ್ತು ತೂಗಾಟಕ್ಕೆ ಸುಮಾರು 14 ಸೆಕೆಂಡ್ ಬೇಕು. 35 ಆಗಿದ್ದರೆ 11.6 ಸೆಕೆಂಡಿಗೇ ಮುಗಿಯಬೇಕು. ಎರಡು ಸೆಕೆಂಡಿಗಿಂತ ಜಾಸ್ತಿ ಅಂತರ, ಎಷ್ಟೇ ಅವಸರದ ಕೈಯಲ್ಲೂ ತಿಳಿಯುತ್ತದೆ. ಸ್ಪ್ರಿಂಗಿನ ಸ್ವಂತ ತೂಕದ ಮೂರನೇ ಒಂದು ಭಾಗವನ್ನು mಗೆ ಸೇರಿಸಿದರೆ ಲೆಕ್ಕ ಇನ್ನೂ ಹತ್ತಿರ ಬರುತ್ತದೆ. ಹಗುರ ಸ್ಪ್ರಿಂಗಿಗೆ ಅದು ಬೇಕಾಗುವುದಿಲ್ಲ. ಇಲ್ಲಿ ಸ್ಕೇಲೂ ಇಲ್ಲ, ಸೊನ್ನೆಯ ಜಗಳವೂ ಇಲ್ಲ, ಮೊದಲ 30 ಗ್ರಾಮಿನ ತಂಟೆಯೂ ಇಲ್ಲ.

ವರದಿಯಲ್ಲಿ ಇನ್ನೊಂದು ಕಾಲಮ್ ತಪ್ಪದೆ ಇರಲಿ: ಬಿಲ್ಲೆ ತೆಗೆಯುತ್ತಾ ಓದಿದ ಅಳತೆ. ಅದನ್ನು ಹಾಕುವಾಗಿನ ಅಳತೆಯಿಂದ ನಕಲು ಮಾಡುವವರೇ ಜಾಸ್ತಿ. ಅದು ಇರುವುದು ಸ್ಪ್ರಿಂಗ್ ಕೆಟ್ಟಿಲ್ಲ ಎಂದು ತೋರಿಸುವುದಕ್ಕೆ. ಮಿತಿ ಮೀರಿ ಎಳೆದ ಸ್ಪ್ರಿಂಗ್ ವಾಪಸು ಮೊದಲ ಜಾಗಕ್ಕೆ ಬರುವುದಿಲ್ಲ. ಇಳಿಸುವಾಗ ಮುಳ್ಳು ಪ್ರತಿ ಸಲವೂ ಮೊದಲಿಗಿಂತ ಕೆಳಗೇ ನಿಲ್ಲುತ್ತದೆ, ಗ್ರಾಫೂ ಕೊನೆಯಲ್ಲಿ ಮೇಲಕ್ಕೆ ಬಾಗುತ್ತದೆ. ಬಾಗಿದ ಭಾಗವನ್ನು ಸ್ಲೋಪಿಗೆ ಸೇರಿಸಬಾರದು.

ಮುಳ್ಳನ್ನು ಓದುವಾಗ ಎರಡೂ ತುದಿಯಲ್ಲಿ ಒಂದೊಂದು ಮಿಲಿಮೀಟರ್ ತಪ್ಪಬಹುದು ಎಂದಿಟ್ಟುಕೊಳ್ಳಿ. ಹತ್ತು ಸೆಂಟಿಮೀಟರಿನ ಏರಿಕೆಯಲ್ಲಿ ಅದು ನೂರಕ್ಕೆ ಎರಡು. ಹಾಗಾಗಿ ಆ ರೆಕಾರ್ಡಿನ ಕೊನೆಯ ಸಾಲನ್ನು ನಾವು ಹೀಗೆ ತಿದ್ದಿ ಬರೆದೆವು: "50ರಿಂದ 300 ಗ್ರಾಂ ಭಾರದ ನಡುವೆ, ಭಾರ–ಹಿಗ್ಗು ಗ್ರಾಫಿನ ಸ್ಲೋಪ್ 0.040 ಸೆಂಟಿಮೀಟರ್/ಗ್ರಾಂ. ಇದರಿಂದ ಈ ಸ್ಪ್ರಿಂಗಿನ ಸ್ಥಿರಾಂಕ 24.5 ± 0.5 ನ್ಯೂಟನ್/ಮೀಟರ್. ಗೆರೆ ಭಾರದ ಅಕ್ಷವನ್ನು ಸುಮಾರು 30 ಗ್ರಾಮಿನಲ್ಲಿ ಮುಟ್ಟುತ್ತದೆ. ಸುರುಳಿಗಳು ಮೊದಲೇ ಒತ್ತಿಕೊಂಡಿದ್ದವು."