1234 ಕೊಟ್ಟರೆ 5227 ಬಂದೇ ಬರುತ್ತದೆ

1234 ಅನ್ನು ಅದರಿಂದಲೇ ಗುಣಿಸಿ. 1522756 ಬರುತ್ತದೆ. ಎಂಟು ಅಂಕಿ ಆಗಲಿ ಅಂತ ಮುಂದೆ ಒಂದು ಸೊನ್ನೆ ಹಾಕಿ, ನಡುವಿನ ನಾಲ್ಕು ಅಂಕಿ ಎತ್ತಿಕೊಳ್ಳಿ: 5227. ಇದಕ್ಕೂ ಹಾಗೇ ಮಾಡಿದರೆ 3215. ಆಮೇಲೆ 3362, 3030, 1809. ಗುಟ್ಟು ಗೊತ್ತಿಲ್ಲದವರಿಗೆ ಈ ಸಾಲು ತೋರಿಸಿದರೆ ಯಾರೋ ಚೀಟಿ ಎತ್ತಿ ಬರೆದದ್ದು ಅಂದುಕೊಳ್ಳುತ್ತಾರೆ.

ಲೆಕ್ಕ ಮಾಡಿಯೇ ರ್‍ಯಾಂಡಮ್ ಅನ್ನಿಸುವ ಸಂಖ್ಯೆ ಹುಟ್ಟಿಸಲು ಗಣಿತಜ್ಞ ಜಾನ್ ವಾನ್ ನಾಯ್ಮನ್ ಹೇಳಿಕೊಟ್ಟ ದಾರಿ ಇದು, 1940ರ ದಶಕದ್ದು. ಅಣುಬಾಂಬಿನ ಲೆಕ್ಕಗಳಲ್ಲಿ ನ್ಯೂಟ್ರಾನ್ ಯಾವ ಕಡೆ ಹೋಗುತ್ತದೆ ಅಂತ ಯಂತ್ರ ಮತ್ತೆ ಮತ್ತೆ ‘ದಾಳ ಹಾಕಿ’ ನೋಡಬೇಕಿತ್ತು. ಅದಕ್ಕೆ ರಾಶಿಗಟ್ಟಲೆ ಸಂಖ್ಯೆ ಬೇಕು. ಆಗಿನ ಎನಿಯಾಕ್ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳೋಣ ಅಂದರೆ ಜಾಗವಿಲ್ಲ, ತೂತು ಹೊಡೆದ ಕಾರ್ಡುಗಳಿಂದ ಓದಿಸೋಣ ಅಂದರೆ ತುಂಬಾ ನಿಧಾನ. ಬೇಕಾದಾಗ ಅಲ್ಲೇ ಲೆಕ್ಕ ಮಾಡಿ ಹುಟ್ಟಿಸುವುದೇ ವಾಸಿ ಅಲ್ವಾ? ಇನ್ನೊಂದು ಲಾಭವೂ ಇತ್ತು. ಉತ್ತರದ ಮೇಲೆ ಅನುಮಾನ ಬಂದರೆ ಅದೇ 1234ರಿಂದ ಮತ್ತೆ ಓಡಿಸಿ ಪರೀಕ್ಷೆ ಮಾಡಬಹುದು, ನಿಜವಾದ ದಾಳ ಮೊನ್ನೆ ಬಿದ್ದ ಹಾಗೇ ಇವತ್ತೂ ಬೀಳುತ್ತದೆಯೇ? ಹಾಗಂತ ಅವರಿಗೆ ಭ್ರಮೆಯೇನೂ ಇರಲಿಲ್ಲ. ಲೆಕ್ಕ ಮಾಡಿ ರ್‍ಯಾಂಡಮ್ ಅಂಕಿ ತೆಗೆಯಲು ಹೊರಟವನು ಪಾಪ ಮಾಡುತ್ತಿದ್ದಾನೆ ಅಂತ ತಾವೇ ತಮಾಷೆ ಮಾಡಿದ್ದರು.

ಈ ಮೊದಲ ಸಂಖ್ಯೆಗೇ ಸೀಡ್, ಅಂದರೆ ಬೀಜ, ಅನ್ನುವುದು. ಬೀಜ ಅದೇ, ಲೆಕ್ಕ ಅದೇ ಆದಮೇಲೆ ಬೆಳೆ ಬೇರೆ ಬರಲು ದಾರಿಯೇ ಇಲ್ಲ.

ಆದರೆ ಈ ವಿಧಾನ ಬೇಗ ಕೈ ಕೊಡುತ್ತದೆ. 2500ರ ವರ್ಗ 06250000, ನಡುವೆ ಮತ್ತೆ 2500. ಅಲ್ಲೇ ಗೂಟ ಹೊಡೆದುಕೊಂಡು ನಿಂತುಬಿಡುತ್ತದೆ. 6100 ಕೊಟ್ಟರೆ 2100, 4100, 8100, ಮತ್ತೆ 6100.

1949ರಲ್ಲಿ ಇನ್ನೊಬ್ಬ ಗಣಿತಜ್ಞ ಡಿ. ಎಚ್. ಲೆಹ್ಮರ್ ಬೇರೆ ದಾರಿ ಹಿಡಿದರು. ಒಂದು ಸಂಖ್ಯೆಯಿಂದ ಗುಣಿಸಿ, ಇನ್ನೊಂದರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳುವುದು. ಗುಣಿಸಿದ ಮೇಲೆ ಒಂದಿಷ್ಟು ಕೂಡಿಸುವುದೂ ಆಮೇಲೆ ಸೇರಿಕೊಂಡಿತು. ಅದರ ಪುಟ್ಟ ರೂಪ ಇಲ್ಲಿದೆ:

```
x = 7
for i in range(16):
    x = (5*x + 3) % 16
    print(x, end=" ")
```

ಬರುವುದು: 6 1 8 11 10 5 12 15 14 9 0 3 2 13 4 7. 0ಯಿಂದ 15ರವರೆಗೆ ಎಲ್ಲವೂ ಒಂದೊಂದು ಸಲ ಬಂದು 7ಕ್ಕೆ ವಾಪಸ್. ಇಲ್ಲಿ ಮುಂದಿನದನ್ನು ತೀರ್ಮಾನಿಸುವುದು ಈಗಿನ x ಒಂದೇ. ಶೇಷ ಹದಿನಾರೇ ಇರುವುದರಿಂದ ಹಳೆಯದು ಯಾವಾಗಾದರೂ ಮರಳಲೇಬೇಕು, ಮರಳಿದ ಕೂಡಲೇ ಹಳೆಯ ಹಾಡೇ ಶುರು.

ಸಾಲನ್ನು ಇನ್ನೊಂದು ಸಲ ನೋಡಿ. ಸಮ, ಬೆಸ, ಸಮ, ಬೆಸ. ಇದರಲ್ಲಿ ನಾಣ್ಯ ಚಿಮ್ಮಿಸಿದರೆ ರಾಜ, ರಾಣಿ ಸರದಿ ಪ್ರಕಾರ ಬೀಳುತ್ತವೆ! 16ರ ಬದಲು 2ರ ದೊಡ್ಡ ಘಾತ ಇಟ್ಟು, ಈ ತರಹವೇ ಪೂರ್ತಿ ಸುತ್ತು ಬರುವಂತೆ ಮಾಡಿದರೂ ಕೊನೆಯ ಬಿಟ್ಟಿನ ಈ ಚಾಳಿ ಹೋಗುವುದಿಲ್ಲ. ನೋಡಲು ಚೆಲ್ಲಾಪಿಲ್ಲಿ ಆಗಿರುವುದು ಬೇರೆ, ಪರೀಕ್ಷೆಯಲ್ಲಿ ಪಾಸಾಗುವುದು ಬೇರೆ.

ಸೂತ್ರ ಎಷ್ಟೇ ಚೆನ್ನಾಗಿದ್ದರೂ ಬೀಜ ಊಹಿಸುವಂತಿದ್ದರೆ ಮುಗಿಯಿತು. 1999ರಲ್ಲಿ ಇದು ಆನ್‌ಲೈನ್ ಪೋಕರ್‌ನಲ್ಲಿ ಬಯಲಾಯಿತು. ನಮ್ಮದು ನೇರ ಆಟ ಅಂತ ತೋರಿಸಲು ಒಂದು ಕಂಪನಿ ಎಲೆ ಕಲೆಸುವ ಕೋಡನ್ನೇ ಬಹಿರಂಗ ಮಾಡಿತ್ತು. 52 ಎಲೆಗಳನ್ನು ಜೋಡಿಸುವ ಬಗೆಗಳನ್ನು ಎಣಿಸಿದರೆ 68 ಅಂಕಿಯ ಸಂಖ್ಯೆ. ಆದರೆ ಆ ಕೋಡು ಬೀಜವಾಗಿ ಬಳಸುತ್ತಿದ್ದದ್ದು ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಅನ್ನುವುದನ್ನು. ದಿನಕ್ಕೆ ಇರುವುದೇ 8.64 ಕೋಟಿ ಮಿಲಿಸೆಕೆಂಡ್. ಅಂದರೆ ಅಷ್ಟು ಬಗೆಯ ಕಟ್ಟುಗಳು ಮಾತ್ರ.

ಕೋಡ್ ಓದಿದ ಭದ್ರತಾ ತಜ್ಞರು ತಮ್ಮ ಗಡಿಯಾರವನ್ನು ಸರ್ವರಿನ ಸಮಯಕ್ಕೆ ಹೊಂದಿಸಿಕೊಂಡರು. ಹುಡುಕಬೇಕಾದ ಬೀಜಗಳು ಸುಮಾರು ಎರಡು ಲಕ್ಷಕ್ಕೆ ಇಳಿದವು. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಬಿಚ್ಚಿದ ಮೂರು. ಆ ಎರಡು ಲಕ್ಷ ಬೀಜಗಳಿಂದ ಒಂದೊಂದಾಗಿ ಎಲೆ ಕಲೆಸಿ, ಈ ಐದೂ ಅದೇ ಜಾಗದಲ್ಲಿ ಕೂರುವುದು ಯಾವುದರಲ್ಲಿ ಅಂತ ನೋಡಿದರು. ಅದು ಸಿಕ್ಕ ಮೇಲೆ ಎದುರಿನವರ ಕೈಯಲ್ಲಿ ಏನಿದೆ, ಮುಂದೆ ಯಾವ ಎಲೆ ಬೀಳುತ್ತದೆ, ಎಲ್ಲವೂ ಪರದೆಯ ಮೇಲೆ.

ಪೈಥಾನ್‌ನ `random` ಒಳಗೆ ಈಗ ಕೂತಿರುವುದು 1990ರ ದಶಕದಲ್ಲಿ ಜಪಾನಿನ ಇಬ್ಬರು ಮಾಡಿದ ಮರ್ಸೆನ್ ಟ್ವಿಸ್ಟರ್. ಅದರ ಸುತ್ತು ಎಷ್ಟು ದೊಡ್ಡದೆಂದರೆ ಬರೆಯಲು ಆರು ಸಾವಿರ ಅಂಕಿ ಬೇಕು. ಆದರೂ ಅದು ಕೊಟ್ಟ 32 ಬಿಟ್ಟಿನ 624 ಸಂಖ್ಯೆಗಳು ಸಾಲಾಗಿ ಕೈಗೆ ಸಿಕ್ಕರೆ ಒಳಗಿನ ಸ್ಥಿತಿಯನ್ನೆಲ್ಲ ಬಿಡಿಸಿ ಮುಂದಿನದನ್ನು ಹೇಳಿಬಿಡಬಹುದು. ಆಟಕ್ಕೆ, ಸಿಮ್ಯುಲೇಷನ್‌ಗೆ ಧಾರಾಳವಾಗಿ ಬಳಸಿ, ಬಗ್ ಹುಡುಕುವಾಗ `random.seed(7)` ಅಂತ ಬರೆದು ಅದೇ ಸಾಲನ್ನು ಮತ್ತೆ ತರಿಸಿಕೊಳ್ಳಿ. ಪಾಸ್‌ವರ್ಡ್, ಟೋಕನ್ ಮಾಡುವಾಗ ಮಾತ್ರ `secrets`. ಅದು ಆಪರೇಟಿಂಗ್ ಸಿಸ್ಟಮ್‌ನಿಂದ ಸಂಖ್ಯೆ ತರುತ್ತದೆ, ಅದಕ್ಕೆ ನೀವು ಬೀಜ ಕೊಡಲು ಬರುವುದೇ ಇಲ್ಲ.